ಪರೀಕ್ಷೆ ಮುಗಿದ ಮೇಲೆ ಬಂದ ಭಯ

ಇಂಟರ್ನಲ್ಸ್ ಮುಗಿದ ಶನಿವಾರ ಅದು. ದಾವಣಗೆರೆಯಿಂದ ಊರಿಗೆ ಹೊರಟ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯಾಗಿರಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಎರಡು ಕಾಫಿ ಕುಡಿದಿದ್ದೆ. ಅಷ್ಟು ಬಿಟ್ಟರೆ ತಲೆಯಲ್ಲಿ ಯಾವ ಚಿಂತೆಯೂ ಇರಲಿಲ್ಲ.

ಬಸ್ಸು ಊರು ದಾಟುವಷ್ಟರಲ್ಲಿ ಎದೆ ಧಡ್ ಎಂದಿತು. ಮತ್ತೆ ಸುಮ್ಮನಾಗಲೇ ಇಲ್ಲ. ಉಸಿರು ಸಾಲುತ್ತಿಲ್ಲ ಅನ್ನಿಸಿ ಜೋರಾಗಿ ಎಳೆದುಕೊಂಡೆ. ಎಳೆದಷ್ಟೂ ಸಾಲದಾಯಿತು. ತುಟಿ ಮರಗಟ್ಟಿತು, ಬೆರಳುಗಳು ಜುಂ ಎಂದವು, ನೋಡನೋಡುತ್ತ ಸೆಟೆದು ಒಳಕ್ಕೆ ಮಡಚಿಕೊಂಡವು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

‘ಏನಾತಪ್ಪಾ? ಮುಖ ಬಿಳಚಿಕೊಂಡೈತಿ’ ಎಂದರು ಪಕ್ಕದಲ್ಲಿದ್ದ ಹಿರಿಯರು. ಉತ್ತರಿಸಲು ಆಗಲಿಲ್ಲ. ಅವರೇ ಬಸ್ಸು ನಿಲ್ಲಿಸಿ, ನನ್ನೊಟ್ಟಿಗೇ ಇಳಿದು, ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ಸರಿಯಿತ್ತು. ನಾಡಿ ನಿಮಿಷಕ್ಕೆ 128. ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಮ್ಲಜನಕ 99 ಎಂದು ತೋರಿಸುತ್ತಿತ್ತು. ಉಸಿರೇ ಇಲ್ಲ ಎಂದು ಒದ್ದಾಡುತ್ತಿದ್ದವನ ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿತ್ತು! ಅರ್ಧ ಗಂಟೆಯಲ್ಲಿ ಎಲ್ಲವೂ ತಾನಾಗಿಯೇ ಇಳಿಯಿತು. ಡ್ಯೂಟಿ ಡಾಕ್ಟರ್ ‘ಪ್ಯಾನಿಕ್ ಅಟ್ಯಾಕ್ ಇದ್ದಂತಿದೆ’ ಎಂದು ಹೇಳಿ, ಒಮ್ಮೆ ಮನೋವೈದ್ಯರನ್ನು ನೋಡಲು ಚೀಟಿ ಬರೆದುಕೊಟ್ಟರು.

‘ಟೆನ್ಷನ್ ಮಾಡ್ಕೋಬೇಡ ಮಗಾ’ ಎಂದರು ಹಾಸ್ಟೆಲ್ ಗೆಳೆಯರು. ಆದರೆ ನಾನು ಟೆನ್ಷನ್ನಿನಲ್ಲಿ ಇರಲೇ ಇಲ್ಲವಲ್ಲ! ಈ ಪ್ರಶ್ನೆಯನ್ನೇ ಮನೋವೈದ್ಯೆಯ ಮುಂದಿಟ್ಟೆ. ಅವರು ಹೇಳಿದ್ದು ಇಷ್ಟು: ಚಿಂತೆಗೆ ಒಂದು ವಾಕ್ಯ ಇರುತ್ತದೆ. ‘ಮ್ಯಾಥ್ಸ್ ಬ್ಯಾಕ್ ಉಳಿದರೆ ಪ್ಲೇಸ್‌ಮೆಂಟ್‌ಗೆ ಕೂರಲು ಬಿಡುವುದಿಲ್ಲವೇನೋ’ ಎನ್ನುವಂಥದ್ದು. ಅದು ನಾಳೆಯ ಬಗ್ಗೆ ಇರುತ್ತದೆ, ನಿಧಾನವಾಗಿ ಏರುತ್ತದೆ, ದಿನಗಟ್ಟಲೆ ಕೊರೆಯುತ್ತದೆ. ನಿದ್ದೆ ಕೆಡುತ್ತದೆ, ಕತ್ತು ಬಿಗಿಯುತ್ತದೆ, ಆದರೂ ಊಟ, ಓದು ಹೇಗೋ ಸಾಗುತ್ತವೆ. ಪ್ಯಾನಿಕ್ ಅಟ್ಯಾಕ್ ಹಾಗಲ್ಲ. ಅದು ಇದ್ದಕ್ಕಿದ್ದಂತೆ ಎದ್ದು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ. ಅದರ ಭಯ ನಾಳೆಯದ್ದಲ್ಲ, ಈ ಕ್ಷಣದ್ದು. ಎಷ್ಟೋ ಸಲ ಅದಕ್ಕೆ ಕಾರಣದ ವಾಕ್ಯವೇ ಇರುವುದಿಲ್ಲ. ದೇಹದ ಅಲಾರಾಂ ಮೊದಲು ಬಾರಿಸುತ್ತದೆ, ಮನಸ್ಸು ಆಮೇಲೆ ‘ಬೆಂಕಿ ಎಲ್ಲಿ’ ಎಂದು ಹುಡುಕುತ್ತದೆ.

ಆ ಅಲಾರಾಂ ಇರುವುದು ನಮ್ಮನ್ನು ಉಳಿಸುವುದಕ್ಕೇ. ಎದುರಿಗೆ ನಾಯಿ ಹಾರಿ ಬಂತು ಅಂದುಕೊಳ್ಳಿ. ಮಿದುಳು ಯೋಚಿಸುತ್ತ ಕೂರುವುದಿಲ್ಲ. ನರಗಳ ಮೂಲಕ ನೇರವಾಗಿ ಹೃದಯಕ್ಕೂ, ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೂ ಸೂಚನೆ ಹೋಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಕಾಲಿನ ಸ್ನಾಯುಗಳಿಗೆ ರಕ್ತ ಒದಗಿಸಲು ಹೃದಯ ಓಡುತ್ತದೆ, ಮೈ ತಣಿಸಲು ಬೆವರು ಬರುತ್ತದೆ, ಉಸಿರು ವೇಗವಾಗುತ್ತದೆ. ಓಡುವವನಿಗೆ ಇದೆಲ್ಲ ಬೇಕು. ಬಸ್ಸಿನ ಸೀಟಿನಲ್ಲಿ ಕುಳಿತವನಿಗೆ ಇದೇ ತೊಂದರೆ ಕೊಡುತ್ತದೆ.

ನನ್ನ ಬೆರಳು ಸೆಟೆದದ್ದಕ್ಕೆ ಉತ್ತರ ಸಿಕ್ಕಿದ್ದು ಇಲ್ಲೇ. ಓಡುವಾಗ ಸ್ನಾಯುಗಳು ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಉತ್ಪಾದಿಸುತ್ತವೆ, ವೇಗದ ಉಸಿರು ಅದನ್ನು ಹೊರಹಾಕುತ್ತದೆ. ಲೆಕ್ಕ ಸರಿಹೋಗುತ್ತದೆ. ಸುಮ್ಮನೆ ಕುಳಿತು ಅದೇ ವೇಗದಲ್ಲಿ ಉಸಿರಾಡಿದರೆ ಉತ್ಪತ್ತಿ ಕಡಿಮೆ, ಖರ್ಚು ಜಾಸ್ತಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ರಕ್ತ ತುಸು ಕ್ಷಾರದ ಕಡೆಗೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂನ ಒಂದಷ್ಟು ಪಾಲು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನರಗಳನ್ನು ಹದದಲ್ಲಿಡುವ ಬಿಡಿ ಕ್ಯಾಲ್ಸಿಯಂ ಕಡಿಮೆಯಾದಾಗ ಅವು ಸುಮ್ಮಸುಮ್ಮನೆ ಮಿಡಿಯುತ್ತವೆ. ತುಟಿ, ಬೆರಳು ಜುಂ ಎನ್ನುವುದು, ಕೈ ಸೆಟೆಯುವುದು ಅದರಿಂದಲೇ. ಮಿದುಳಿನ ರಕ್ತನಾಳಗಳೂ ಕಿರಿದಾಗುವುದರಿಂದ ತಲೆ ಸುತ್ತುತ್ತದೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುತ್ತದೆ. ಅಂದರೆ ನನಗೆ ಗಾಳಿ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು.

ಹಾಗಾದರೆ ಅದು ಅಷ್ಟು ಬೇಗ ಅಷ್ಟು ಎತ್ತರಕ್ಕೆ ಏರುವುದು ಏಕೆ? ಗಣೇಶನ ಪೆಂಡಾಲಿನಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ಹಿಡಿದಾಗ ಕುಂಯ್ ಎಂದು ಕಿರುಚುತ್ತದಲ್ಲ, ಹಾಗೆ. ಸಣ್ಣ ಸದ್ದು ಸ್ಪೀಕರಿನಿಂದ ದೊಡ್ಡದಾಗಿ ಬಂದು ಮತ್ತೆ ಮೈಕಿಗೇ ಹೋಗುತ್ತದೆ. ಕಾಫಿ, ನಿದ್ದೆಗೇಡು, ಸೆಕೆ ಇವುಗಳಿಂದ ನನ್ನ ಎದೆಬಡಿತ ತುಸು ಏರಿರಬಹುದು. ‘ಹಾರ್ಟ್ ಅಟ್ಯಾಕ್’ ಎಂದುಕೊಂಡೆ. ಆ ಯೋಚನೆಗೆ ಇನ್ನಷ್ಟು ಅಡ್ರಿನಲಿನ್, ಅದಕ್ಕೆ ಇನ್ನಷ್ಟು ಬಡಿತ, ಇನ್ನಷ್ಟು ಭಯ. ನಮ್ಮ ಎಲೆಕ್ಟ್ರಾನಿಕ್ಸ್ ಪುಸ್ತಕದಲ್ಲಿ ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಎಂಬ ಹೆಸರಿದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ ಅಟ್ಯಾಕನ್ನು ವಿವರಿಸಿದ್ದು ಇಂಥದೇ ಸುತ್ತಿನಿಂದ: ದೇಹದ ಸಂವೇದನೆಯನ್ನು ಅಪಾಯವೆಂದು ತಪ್ಪಾಗಿ ಓದಿಕೊಳ್ಳುವುದೇ ಅದರ ತಿರುಳು.

ಇದೆಲ್ಲ ತಿಳಿದ ಮೇಲೂ ನಾನು ಮೂರು ವಾರ ಬಸ್ಸು ಹತ್ತಲಿಲ್ಲ. ಅಮ್ಮ ಫೋನ್ ಮಾಡಿದಾಗಲೆಲ್ಲ ‘ರೆಕಾರ್ಡ್ ಬರೆಯೋದಿದೆ ಅಮ್ಮಾ’ ಎಂದು ಸುಳ್ಳು ಹೇಳಿದೆ. ಮನೋವೈದ್ಯೆಗೆ ಅಟ್ಯಾಕಿಗಿಂತ ಹೆಚ್ಚು ಕಾಳಜಿಯಾದದ್ದು ಇದರ ಬಗ್ಗೆ. ಒಂದು ಅಟ್ಯಾಕ್ ಬಂದರೆ ಅದು ಕಾಯಿಲೆಯಲ್ಲ. ಅಟ್ಯಾಕುಗಳು ಮರುಕಳಿಸಿ, ಮತ್ತೆ ಬಂದೀತೆಂಬ ಹೆದರಿಕೆಯೋ ಆ ಜಾಗಗಳನ್ನು ತಪ್ಪಿಸುವ ಅಭ್ಯಾಸವೋ ಒಂದು ತಿಂಗಳು ಮೀರಿ ಉಳಿದರೆ, ಆಗ ಅದಕ್ಕೆ ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ.

ಅಂದು ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ನಿಮಿಷ ಬೇಕೆಂದೇ ಜೋರಾಗಿ ಉಸಿರಾಡಿಸಿದರು. ನಲವತ್ತು ಸೆಕೆಂಡಿನಲ್ಲೇ ತಲೆ ತಿರುಗಿತು, ಬೆರಳು ಜುಂ ಎಂದಿತು. ‘ಬಸ್ಸಿನಲ್ಲಿ ಆದದ್ದು ಇದೇ ತಾನೇ?’ ಎಂದರು. ಇದೇ! ನಾನೇ ಉಂಟುಮಾಡಿದೆ, ನಿಲ್ಲಿಸಿದಾಗ ನಿಂತಿತು. ನಂತರದ ವಾರಗಳಲ್ಲಿ ಮೊದಲು ಎರಡು ಸ್ಟಾಪ್, ಆಮೇಲೆ ಐದು, ಕೊನೆಗೆ ಊರು. ಚಿಕಿತ್ಸೆ ಎಂದರೆ ನನ್ನ ಪಾಲಿಗೆ ಇದೇ ಆಗಿತ್ತು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದನ್ನು ವೈದ್ಯರೇ ಹೇಳಬೇಕು.

ಒಂದು ಎಚ್ಚರಿಕೆ. ಇದನ್ನು ಓದಿ ಎದೆನೋವನ್ನು ‘ಪ್ಯಾನಿಕ್ ಬಿಡು’ ಎಂದು ತಳ್ಳಿಹಾಕಬೇಡಿ. ಮೊದಲ ಸಲ ಹೀಗಾದರೆ ಪರೀಕ್ಷೆ ಆಗಲೇಬೇಕು. ಹೃದಯದ ತೊಂದರೆ, ಥೈರಾಯ್ಡ್, ಆಸ್ತಮಾ, ಸಕ್ಕರೆ ಇಳಿಯುವುದು ಇವೂ ಹೀಗೇ ಕಾಣಿಸಬಲ್ಲವು. ನೋವು ಕೈಗೋ ದವಡೆಗೋ ಹರಡಿದರೆ, ಮೆಟ್ಟಿಲು ಹತ್ತಿದಾಗ ಹೆಚ್ಚಾದರೆ, ನಿಜವಾಗಿ ಪ್ರಜ್ಞೆ ತಪ್ಪಿದರೆ ಕಾಯುವಂತಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಕಾಗದದ ಚೀಲದೊಳಗೆ ಉಸಿರಾಡುವುದೂ ಬೇಡ. ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಅಪಾಯ. ಯಾರ ಬಳಿ ಹೇಳುವುದೆಂದು ತಿಳಿಯದಿದ್ದರೆ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕಳೆದ ತಿಂಗಳು ಅದೇ ಬಸ್ಸಿನಲ್ಲಿ ಮತ್ತೆ ಎದೆ ಧಡ್ ಎಂದಿತು. ಇಳಿಯಲಿಲ್ಲ. ಉಸಿರನ್ನು ಎಳೆಯುವುದು ಬಿಟ್ಟು, ನಿಧಾನವಾಗಿ ಉದ್ದಕ್ಕೆ ಬಿಡುತ್ತ ಕುಳಿತೆ. ಬೆರಳು ಸ್ವಲ್ಪ ಜುಂ ಎಂದಿತು. ‘ಕ್ಯಾಲ್ಸಿಯಂ’ ಎಂದುಕೊಂಡೆ. ಮೂರ್ನಾಲ್ಕು ಊರು ದಾಟುವಷ್ಟರಲ್ಲಿ ಇಳಿಯಿತು. ಮನೆಗೆ ಹೋಗಿ ಅಮ್ಮನಿಗೆ ರೆಕಾರ್ಡಿನ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿದೆ.