ಯಂತ್ರ ತಡವಾಗಿ ಬಂತಾ? ಬಿಲ್‌ನಲ್ಲಿ ಹಣ ಕಡಿತ ಮಾಡಿಸಿಕೊಳ್ಳೋದು ಹೀಗೆ

ಯಂತ್ರಕ್ಕೋ ಶೆಡ್ಡಿಗೋ ಪೈಪಿಗೋ ಮುಂಗಡ ಕೊಟ್ಟಿರ್ತೀವಿ. ಹೇಳಿದ ದಿನ ಸರಕು ಬರಲ್ಲ. ಫೋನ್ ಮಾಡಿದ್ರೆ "ನಾಳೆ ಲೋಡ್ ಆಗುತ್ತೆ ಸಾರ್" ಅಂತಾರೆ. ಕೊನೆಗೆ ಬಂದಾಗ, ಬಂತಲ್ಲ ಸಾಕು ಅಂತ ಪೂರ್ತಿ ದುಡ್ಡು ಕೊಟ್ಟು ಸುಮ್ಮನಾಗ್ತೀವಿ. ಎಷ್ಟೋ ಒಪ್ಪಂದಗಳಲ್ಲಿ ತಡವಾದ್ರೆ ಬೆಲೆ ಕಡಿತ ಮಾಡಬಹುದು ಅನ್ನೋ ಷರತ್ತು ಇದ್ದೇ ಇರುತ್ತೆ. ಆದರೆ ಆ ಷರತ್ತು ತಾನಾಗಿ ಕೆಲಸ ಮಾಡಲ್ಲ. ಸರಕು ಇಳಿಸಿಕೊಳ್ಳುವ ದಿನ ನಾವು ಏನು ಬರೆದುಕೊಡ್ತೀವಿ ಅನ್ನೋದರ ಮೇಲೆ ಅದು ಉಳಿಯುತ್ತೆ, ಇಲ್ಲವೇ ಹೋಗುತ್ತೆ.

ನಾನು ನಂಜನಗೂಡು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯ ಖರೀದಿ ಸಮಿತಿಯಲ್ಲಿದ್ದೇನೆ. ಮೈಸೂರು ನಗರದ ಒಬ್ಬ ತಯಾರಕರಿಂದ ಅರಿಶಿನ ಬೇಯಿಸುವ ಯಂತ್ರ ಮಾಡಿಸಿದಾಗ ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆದಿದ್ದೇವೆ. ಅದೇ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡ್ತೀನಿ.

ಒಪ್ಪಂದದಲ್ಲಿ ಏನಿತ್ತು?

ಯಂತ್ರದ ಬೆಲೆ ಜಿಎಸ್‌ಟಿ ಬಿಟ್ಟು 5,00,000 ರೂಪಾಯಿ. ಮುಂಗಡ ಶೇ. 30, ಯಂತ್ರ ಬಂದಾಗ ಶೇ. 60, ಓಡಿಸಿ ನೋಡಿದ ಮೇಲೆ 15 ದಿನದೊಳಗೆ ಉಳಿದ ಶೇ. 10. ಮುಂಗಡ ಬ್ಯಾಂಕಿಗೆ ಬಿದ್ದ ದಿನದಿಂದ 60 ದಿನದೊಳಗೆ ಯಂತ್ರ ನಮ್ಮ ಶೆಡ್ಡಿಗೆ ತಲುಪಬೇಕು. ದಂಡದ ಷರತ್ತು ಹೀಗಿತ್ತು:

"ಈ ಒಪ್ಪಂದದಲ್ಲಿ ಸಮಯವೇ ಮುಖ್ಯ. ನಿಗದಿತ ದಿನಾಂಕದ ನಂತರದ ಪ್ರತಿ ವಾರಕ್ಕೆ ಅಥವಾ ವಾರದ ಭಾಗಕ್ಕೆ, ಜಿಎಸ್‌ಟಿ ರಹಿತ ಬೆಲೆಯ ಶೇ. 1ರಂತೆ, ಗರಿಷ್ಠ ಶೇ. 10ರವರೆಗೆ ಪರಿಹಾರವನ್ನು ಖರೀದಿದಾರರು ಬಾಕಿ ಹಣದಲ್ಲಿ ಕಡಿತ ಮಾಡಿಕೊಳ್ಳಬಹುದು."

ಇದರಲ್ಲಿ ಮೂರು ಮಾತು ಗಮನಿಸಿ. ಒಂದು, "ವಾರದ ಭಾಗಕ್ಕೆ" ಅನ್ನೋದು. ಅದಿಲ್ಲದೆ "ಪ್ರತಿ ಪೂರ್ಣ ವಾರಕ್ಕೆ" ಅಂತ ಇದ್ರೆ ಕೊನೆಯ ಐದಾರು ದಿನ ಲೆಕ್ಕಕ್ಕೇ ಬರಲ್ಲ. ಎರಡು, "ಬಾಕಿ ಹಣದಲ್ಲಿ ಕಡಿತ" ಅನ್ನೋದು. ಇದು ಇದ್ದರೆ ನಾವು ಕೇಳಿಕೊಂಡು ಹೋಗಬೇಕಿಲ್ಲ, ಕೊಡಬೇಕಾದ ಹಣದಲ್ಲೇ ಹಿಡಿದುಕೊಳ್ಳಬಹುದು. ಮೂರು, ಗರಿಷ್ಠ ಕಡಿತ ಶೇ. 10, ನಮ್ಮ ಕೈಯಲ್ಲಿ ಕೊನೆಗೆ ಉಳಿಯೋ ಬಾಕಿಯೂ ಶೇ. 10. ಈ ಎರಡೂ ಸರಿಹೊಂದಬೇಕು. ಸರಕು ಇಳಿದ ದಿನವೇ ಪೂರ್ತಿ ಹಣ ಕೊಡಬೇಕು ಅಂತ ಇದ್ದರೆ, ಕಡಿತ ಮಾಡೋಕೆ ಕೈಯಲ್ಲಿ ಏನೂ ಇರಲ್ಲ.

ದಿನದ ಲೆಕ್ಕ

ಒಪ್ಪಂದಕ್ಕೆ ಸಹಿ ಆಗಿದ್ದು 2024ರ ನವೆಂಬರ್ 4ಕ್ಕೆ, ಮುಂಗಡ ಜಮೆ ಆಗಿದ್ದು ನವೆಂಬರ್ 6ಕ್ಕೆ. ಷರತ್ತಿನ ಪ್ರಕಾರ ಮುಂಗಡದ ದಿನದಿಂದ 60 ದಿನ, ಅಂದ್ರೆ 2025ರ ಜನವರಿ 5. ಯಂತ್ರ ಬಂದಿದ್ದು ಫೆಬ್ರವರಿ 1ಕ್ಕೆ. ತಡ 27 ದಿನ, ಅಂದ್ರೆ ಮೂರು ವಾರ ಆರು ದಿನ. ನಮ್ಮ ಷರತ್ತಿನಂತೆ ನಾಲ್ಕು ವಾರ, ಶೇ. 4, 20,000 ರೂಪಾಯಿ. "ಪೂರ್ಣ ವಾರ" ಅಂತ ಬರೆದಿದ್ದರೆ 15,000ಕ್ಕೆ ನಿಲ್ಲುತ್ತಿತ್ತು.

ತಡಕ್ಕೆ ನಮ್ಮ ಕಡೆಯ ಕಾರಣ ಇದ್ದರೆ ಆ ದಿನಗಳನ್ನು ಕಳೆಯಬೇಕಾಗುತ್ತೆ. ಮುಂಗಡ ತಡವಾಗಿ ಹಾಕೋದು, ಅಳತೆ ಕೊಡದೇ ಇರೋದು, ಇಳಿಸೋಕೆ ಜಾಗ ಸಿದ್ಧ ಇಲ್ಲದಿರೋದು ಇವೆಲ್ಲ ಅದರಲ್ಲಿ ಬರುತ್ತೆ. ತಯಾರಕರು ಹೇಳಿದ್ದು "ಸ್ಟೀಲ್ ಶೀಟ್ ನಮಗೇ ತಡವಾಗಿ ಬಂತು" ಅಂತ. ಅದು ಅವರು ಮತ್ತು ಅವರಿಗೆ ಕೊಡುವವರ ನಡುವಿನ ವಿಷಯ. ಒಪ್ಪಂದದಲ್ಲಿ ಅದಕ್ಕೆ ವಿನಾಯಿತಿ ಬರೆದಿಲ್ಲದಿದ್ದರೆ ನಮ್ಮ ಲೆಕ್ಕ ಬದಲಾಗಲ್ಲ.

ಕಾಯುವ ದಿನಗಳಲ್ಲಿ ವಾಟ್ಸ್ಯಾಪ್ ಜೋಪಾನ

ಹೆಚ್ಚಿನವರ ಹಕ್ಕು ಜಾರಿ ಹೋಗೋದು ಇಲ್ಲೇ. ಜನವರಿ ಎರಡನೇ ವಾರದಲ್ಲಿ ತಯಾರಕರು "ಇನ್ನೊಂದು 15 ದಿನ ಟೈಮ್ ಕೊಡಿ" ಅಂತ ಮೆಸೇಜ್ ಹಾಕಿದ್ರು. "ಆಯ್ತು ಬಿಡಿ, ನಿಧಾನಕ್ಕೆ ಕಳಿಸಿ" ಅಂತ ಉತ್ತರ ಹೋಗಿದ್ದರೆ, ನಾವೇ ಗಡುವು ಮುಂದೂಡಿದೆವು ಅಂತ ವಾದ ಮಾಡೋಕೆ ಅಷ್ಟು ಸಾಕು. ಗುತ್ತಿಗೆ ಕಾಯ್ದೆಯ 63ನೇ ಕಲಂ ಪ್ರಕಾರ ಸಮಯ ವಿಸ್ತರಿಸುವ ಅಧಿಕಾರ ಕೊಳ್ಳುವವರಿಗೆ ಇದೆ, ಅದಕ್ಕೆ ಸ್ಟ್ಯಾಂಪ್ ಪೇಪರ್ ಏನೂ ಬೇಕಿಲ್ಲ.

ನಮ್ಮ ಉತ್ತರ ಹೀಗಿತ್ತು: "ಯಂತ್ರ ಬೇಗ ಕಳಿಸಿ. ಒಪ್ಪಂದದ ದಿನಾಂಕ ಜನವರಿ 5. ಅದನ್ನು ನಾವು ಮುಂದೂಡುತ್ತಿಲ್ಲ. ವಿಳಂಬದ ಕಡಿತದ ಷರತ್ತು ಅನ್ವಯ ಆಗುತ್ತೆ." ಜಗಳದ ಮಾತು ಒಂದೂ ಇಲ್ಲ, ಆದರೆ ಹಕ್ಕು ಬಿಟ್ಟುಕೊಟ್ಟಿಲ್ಲ. ಇಂಥ ಚಾಟ್‌ಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಫೋನ್ ಬದಲಾಯಿಸಿಬಿಟ್ಟರೆ ಮುಂದೆ ಸಾಕ್ಷ್ಯ ಕೊಡೋದು ಕಷ್ಟ. ಮುಖ್ಯವಾದ ಮಾತನ್ನು ಇಮೇಲ್‌ಗೂ ಒಮ್ಮೆ ಹಾಕಿಬಿಡಿ.

ಸರಕು ಇಳಿಸಿಕೊಳ್ಳುವ ದಿನ

1872ರ ಭಾರತೀಯ ಗುತ್ತಿಗೆ ಕಾಯ್ದೆಯ 55ನೇ ಕಲಂನಲ್ಲಿ ಒಂದು ಮಾತಿದೆ. ಸಮಯವೇ ಮುಖ್ಯ ಎಂದಿರುವ ಒಪ್ಪಂದದಲ್ಲಿ ನೀವು ತಡವಾದ ಸರಕನ್ನು ಒಪ್ಪಿಕೊಂಡರೆ, ಆ ತಡದ ನಷ್ಟಕ್ಕೆ ಪರಿಹಾರ ಕೇಳುವಂತಿಲ್ಲ. ಒಪ್ಪಿಕೊಳ್ಳುವ ಹೊತ್ತಿನಲ್ಲೇ "ಪರಿಹಾರ ಕೇಳುತ್ತೇವೆ" ಅಂತ ತಿಳಿಸಿದ್ದರೆ ಮಾತ್ರ ಕೇಳಬಹುದು. ಹತ್ತು ದಿನ ಬಿಟ್ಟು ನೆನಪಾದರೆ ಆ ಬಾಗಿಲು ಮುಚ್ಚಿರುತ್ತೆ.

ಲಾರಿ ಬಂದಾಗ ನಾವು ಮೊದಲು ಮಾಲೀಕರಿಗೆ ಮೆಸೇಜ್ ಹಾಕಿ, ಆಮೇಲೆ ಯಂತ್ರ ಇಳಿಸಿಕೊಂಡೆವು. ಡೆಲಿವರಿ ಚಲನ್‌ನ ಎರಡೂ ಪ್ರತಿಯ ಮೇಲೆ, ಸಹಿಯ ಪಕ್ಕದಲ್ಲೇ, ಕೈಬರಹದಲ್ಲಿ ಹೀಗೆ ಬರೆದೆವು:

"27 ದಿನ ತಡವಾಗಿ ಬಂದಿದೆ. ಒಪ್ಪಂದದ ಪ್ರಕಾರ ವಿಳಂಬ ಪರಿಹಾರ ಕಡಿತ ಮಾಡುವ ಹಕ್ಕನ್ನು ಉಳಿಸಿಕೊಂಡು ಸ್ವೀಕರಿಸಿದ್ದೇವೆ. 01-02-2025."

ಚಾಲಕರ ಸಹಿಯೂ ಬಿತ್ತು. ಚಲನ್ ಫೋಟೋ ತೆಗೆದು ಅಲ್ಲೇ ಮಾಲೀಕರಿಗೆ ಕಳಿಸಿದೆವು. "ಒಳ್ಳೆಯ ಸ್ಥಿತಿಯಲ್ಲಿ, ಸಮಯಕ್ಕೆ ಸರಿಯಾಗಿ ಸ್ವೀಕರಿಸಲಾಗಿದೆ" ಅಂತ ಮೊದಲೇ ಅಚ್ಚಾಗಿರುವ ಚಲನ್‌ಗಳೂ ಇರುತ್ತವೆ. ಅದರಲ್ಲಿ "ಸಮಯಕ್ಕೆ ಸರಿಯಾಗಿ" ಅನ್ನೋದನ್ನು ಹೊಡೆದುಹಾಕಿಯೇ ಸಹಿ ಮಾಡಿ.

ನಷ್ಟ ಎಷ್ಟು ಅಂತ ತೋರಿಸಬೇಕಾ?

"ಅದೆಲ್ಲಾ ಫಾರ್ಮಾಲಿಟಿಗೆ ಹಾಕಿರೋ ಷರತ್ತು ಸಾರ್, ನಿಮಗೇನು ನಷ್ಟ ಆಗಿದೆ ತೋರಿಸಿ" ಅಂದ್ರು ತಯಾರಕರು. ಮೊದಲ ಅರ್ಧ ತಪ್ಪು, ಎರಡನೇ ಅರ್ಧದಲ್ಲಿ ಸ್ವಲ್ಪ ನಿಜ ಇದೆ.

ಕಾಯ್ದೆಯ 74ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬರೆದ ಮೊತ್ತ ಒಂದು ಮೇಲ್ಮಿತಿ. ಅದರೊಳಗೆ ಸಮಂಜಸ ಅನ್ನಿಸುವಷ್ಟು ಪರಿಹಾರ ಸಿಗುತ್ತೆ. ಒಎನ್‌ಜಿಸಿ ಮತ್ತು ಸಾ ಪೈಪ್ಸ್ ನಡುವಿನ 2003ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಡವಾದ ಪೂರೈಕೆಗೆ ಒಪ್ಪಂದದ ಪ್ರಕಾರ ಮಾಡಿದ ಕಡಿತವನ್ನು ಎತ್ತಿಹಿಡಿಯಿತು. ಮೊದಲೇ ಪ್ರಾಮಾಣಿಕವಾಗಿ ಅಂದಾಜಿಸಿದ ಮೊತ್ತವಾದರೆ, ನಷ್ಟ ಅಳೆಯೋದು ಕಷ್ಟವಾದ ಕಡೆ ಪೈಸೆ ಪೈಸೆ ಲೆಕ್ಕ ಕೊಡಬೇಕಿಲ್ಲ ಅಂತ ಹೇಳಿತು. 2015ರ ಕೈಲಾಶ್ ನಾಥ್ ತೀರ್ಪು ಇನ್ನೊಂದು ಮಾತು ಸೇರಿಸಿತು. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ. ಅಳೆಯಲು ಆಗುವಂಥ ನಷ್ಟವಾದರೆ ಅದನ್ನು ತೋರಿಸಬೇಕು.

ಹಾಗಾಗಿ ರಸೀದಿ ಇಟ್ಟುಕೊಳ್ಳೋದು ಒಳ್ಳೇದು. ಕಿತ್ತ ಅರಿಶಿನವನ್ನು ಹೆಚ್ಚು ದಿನ ಹಾಗೇ ಇಡೋಕಾಗಲ್ಲ, ಬೇಗ ಬೇಯಿಸದಿದ್ದರೆ ಗುಣಮಟ್ಟ ಇಳಿಯುತ್ತೆ. ಜನವರಿಯಲ್ಲಿ ನಾವು 9 ದಿನ ಬೇರೆಯವರ ಯಂತ್ರ ಬಾಡಿಗೆಗೆ ತಂದೆವು, ಬಾಡಿಗೆ 27,000 ರೂಪಾಯಿ. ಸೌದೆ, ಕೂಲಿ ಖರ್ಚನ್ನು ಇದರಲ್ಲಿ ಸೇರಿಸಲಿಲ್ಲ. ನಮ್ಮದೇ ಯಂತ್ರ ಇದ್ದಿದ್ದರೂ ಅವು ಆಗೋ ಖರ್ಚೇ. ನಷ್ಟ 27,000 ಆದರೂ ನಾವು ಕೇಳಿದ್ದು 20,000 ಮಾತ್ರ, ಯಾಕಂದ್ರೆ ಷರತ್ತಿನ ಲೆಕ್ಕಕ್ಕಿಂತ ಮೇಲೆ ಹೋಗುವಂತಿಲ್ಲ. ದಂಡದ ದರ ಬರೆಯುವಾಗಲೇ "ಒಂದು ವಾರ ತಡವಾದ್ರೆ ನಮಗೆ ಎಷ್ಟು ಖರ್ಚು ಬೀಳುತ್ತೆ" ಅಂತ ಕೂತು ಲೆಕ್ಕ ಹಾಕಿ. ತೀರಾ ಕಡಿಮೆ ಬರೆದರೆ ಉಳಿದ ನಷ್ಟ ನಿಮ್ಮದೇ. ಬೆದರಿಸಲು ಶೇ. 10 ವಾರಕ್ಕೆ ಅಂತ ಬರೆದರೆ ಕೋರ್ಟು ಇಳಿಸುತ್ತೆ.

ಬಾಕಿ ಹಣ ತಡೆಹಿಡಿಯುವಾಗ ಎಚ್ಚರ

ಕೋಪದಲ್ಲಿ ಬಾಕಿ ಪೂರ್ತಿ ನಿಲ್ಲಿಸಿಬಿಡಬೇಡಿ. ಯಂತ್ರ ಮಾಡಿಕೊಟ್ಟವರು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಆಗಿದ್ದರೆ, 2006ರ ಎಂಎಸ್ಎಂಇ ಕಾಯ್ದೆ ಅವರ ಕೈಯಲ್ಲಿರುತ್ತೆ. ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ, ಹಣ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಯಂತ್ರದಲ್ಲಿ ತಕರಾರು ಇದ್ದರೆ ಬಂದ 15 ದಿನದೊಳಗೆ ಲಿಖಿತವಾಗಿ ತಿಳಿಸಿ.

ನಾವು ಮಾಡಿದ್ದು ಇಷ್ಟು. ಫೆಬ್ರವರಿ 6ಕ್ಕೆ ಯಂತ್ರ ಓಡಿಸಿ ನೋಡಿದೆವು. 8ಕ್ಕೆ ಒಂದು ಪುಟದ ಪತ್ರ ಕಳಿಸಿದೆವು. ಅದರಲ್ಲಿ ಷರತ್ತಿನ ಸಂಖ್ಯೆ, ಎರಡು ದಿನಾಂಕ, 27 ದಿನ, ನಾಲ್ಕು ವಾರ, 20,000 ರೂಪಾಯಿ, ಜೊತೆಗೆ ಚಲನ್ ಮತ್ತು ಬಾಡಿಗೆ ರಸೀದಿಯ ಪ್ರತಿ. ಕೊನೆಯ ಬಾಕಿ 50,000ದಲ್ಲಿ 20,000 ಕಳೆದು 30,000 ರೂಪಾಯಿಯನ್ನು 15 ದಿನದ ಗಡುವಿನೊಳಗೆ, ಫೆಬ್ರವರಿ 20ಕ್ಕೆ ಬ್ಯಾಂಕ್ ಮೂಲಕ ಕೊಟ್ಟೆವು. ಜಗಳ ಇರುವಷ್ಟು ಮಾತ್ರ ಹಿಡಿದು, ಉಳಿದದ್ದು ಸಮಯಕ್ಕೆ ಕೊಟ್ಟರೆ ನಮ್ಮ ಮೇಲೆ ಬೊಟ್ಟು ಮಾಡೋಕಾಗಲ್ಲ.

ಇಂಥ ವಿಳಂಬ ಪರಿಹಾರದ ಮೇಲೆ ಸಾಮಾನ್ಯವಾಗಿ ಜಿಎಸ್‌ಟಿ ಬೀಳಲ್ಲ ಅಂತ ಕೇಂದ್ರ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ "20,000ಕ್ಕೆ ನೀವು ಜಿಎಸ್‌ಟಿ ಬಿಲ್ ಕೊಡಿ" ಅಂತ ಕೇಳಿದರೆ ಗಾಬರಿ ಬೇಡ, ನಿಮ್ಮ ಲೆಕ್ಕಪರಿಶೋಧಕರಿಗೆ ಆ ಸುತ್ತೋಲೆ ತೋರಿಸಿ.

ತಯಾರಕರು ಮೊದಲು ಅರ್ಧಕ್ಕೆ ಮುಗಿಸಿ ಅಂದ್ರು. ಕಾಗದಗಳನ್ನೆಲ್ಲಾ ಮುಂದಿಟ್ಟ ಮೇಲೆ 20,000ಕ್ಕೇ ಒಪ್ಪಿ, "ಇನ್ನು ಯಾವ ಬಾಕಿಯೂ ಇಲ್ಲ" ಅಂತ ಸಹಿ ಹಾಕಿಕೊಟ್ಟರು. ಆ ಸಹಿಯನ್ನು ಕಡಿತದ ವಿಷಯಕ್ಕೆ ಮಾತ್ರ ಸೀಮಿತ ಮಾಡಿ, ಯಂತ್ರದ ವಾರಂಟಿ ಮುಂದುವರಿಯುತ್ತೆ ಅಂತ ಬೇರೆ ಸಾಲು ಬರೆಸಿದೆವು.

ಒಪ್ಪದಿದ್ದರೆ ಎಲ್ಲಿಗೆ ಹೋಗಬೇಕು?

ನಿಮ್ಮ ಹೊಲಕ್ಕೆ, ನಿಮ್ಮ ಜೀವನೋಪಾಯಕ್ಕೆ ನೀವೇ ಬಳಸೋಕೆ ಕೊಂಡಿದ್ದರೆ ನೀವು ಗ್ರಾಹಕರು. ಮೊದಲು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಬಗೆಹರಿಯದಿದ್ದರೆ ಮೈಸೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಕಂಪನಿ ಹೆಸರಲ್ಲಿ ಕೊಂಡಿದ್ದರೆ "ಇದು ವ್ಯಾಪಾರಕ್ಕೆ" ಅನ್ನೋ ತಕರಾರು ಬರುತ್ತೆ. ಆಗ ವಕೀಲರ ನೋಟಿಸ್, ಆಮೇಲೆ ಮೂರು ವರ್ಷದೊಳಗೆ ಸಿವಿಲ್ ಕೋರ್ಟ್. ಈರೋಡ್, ಕೊಯಮತ್ತೂರಿನ ಕಂಪನಿಗಳ ಕೊಟೇಶನ್‌ನಲ್ಲಿ ವ್ಯಾಜ್ಯ ಅವರ ಊರಿನ ಕೋರ್ಟಿನಲ್ಲೇ ನಡೆಯಬೇಕು ಅಂತ ಸಣ್ಣಕ್ಷರದಲ್ಲಿ ಇರಬಹುದು. ಮುಂಗಡ ಹಾಕುವ ಮೊದಲೇ ಅದನ್ನು ಮೈಸೂರಿಗೆ ಬದಲಾಯಿಸಿಕೊಳ್ಳಿ.

ನಿಮ್ಮ ಯಾವುದಾದರೂ ಆರ್ಡರ್ ಈಗ ಬರೋದಿದ್ದರೆ, ಕೊಟೇಶನ್ ತೆಗೆದು ಮೂರು ಸಂಗತಿ ನೋಡಿ: ದಿನಾಂಕ ಇದೆಯಾ, ತಡಕ್ಕೆ ದರ ಇದೆಯಾ, ಕೊನೆಯ ಬಾಕಿ ನಿಮ್ಮ ಕೈಯಲ್ಲಿ ಉಳಿಯುತ್ತಾ. ಇವು ಇದ್ದರೆ, ಚಲನ್ ಮೇಲೆ ಬರೆಯಬೇಕಾದ ಆ ಎರಡು ಸಾಲನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.