ಬಾಕಿಗೆ ಎಷ್ಟು ದಿನ ತುಂಬಿತು?

ದಾವಣಗೆರೆಯ ಒಬ್ಬ ವಿತರಕರು ಎಂದಿಟ್ಟುಕೊಳ್ಳಿ. ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್ ಕಂಪನಿಗಳ ಏಜೆನ್ಸಿ ಅವರದು. ಕಂಪನಿಗೆ ಮೊದಲೇ ದುಡ್ಡು ಕಟ್ಟಿ ಮಾಲು ತರಿಸುತ್ತಾರೆ. ಹರಿಹರ, ಚನ್ನಗಿರಿ, ಹರಪನಹಳ್ಳಿ ಲೈನಿನ ಅಂಗಡಿಗಳಿಗೆ 21 ದಿನದ ಉದ್ದರಿ ಕೊಡುತ್ತಾರೆ. ಅವರಿಗೆ ಉಳಿಯುವ ಮಾರ್ಜಿನ್ ನೂರಕ್ಕೆ ಐದು ಎಂದು ಹಿಡಿದರೆ, 18,000 ರೂಪಾಯಿಯ ಒಂದೇ ಒಂದು ಬಿಲ್ ಮುಳುಗಿದರೂ ಅದನ್ನು ತುಂಬಿಕೊಳ್ಳಲು 3,60,000 ರೂಪಾಯಿಯ ಮಾಲು ಮಾರಬೇಕು. ಬಾಕಿ ಪಟ್ಟಿಯನ್ನು ಅವರು ವಾರವಾರವೂ ನೋಡುವುದು ಅದಕ್ಕೇ.

ಆದರೆ ಬರೀ ಬಾಕಿ ಪಟ್ಟಿ ಏನನ್ನೂ ಹೇಳುವುದಿಲ್ಲ. ಆಗಸ್ಟ್ 10ರಂದು ಹರಿಹರದ ಒಂದು ಅಂಗಡಿಯ ಹೆಸರಿನ ಮುಂದೆ 75,000 ಇದೆ, ಚನ್ನಗಿರಿಯ ಇನ್ನೊಂದರ ಮುಂದೆಯೂ 75,000 ಇದೆ. ನೋಡಲು ಎರಡೂ ಒಂದೇ. ಈ ಮೊತ್ತವನ್ನು ಬಿಲ್‌ವಾರು ಬಿಡಿಸಿ, ಪ್ರತಿ ಬಿಲ್ಲಿನ ಗಡುವು ಮೀರಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿ, ಗಡುವಿನೊಳಗಿನದು, 30 ದಿನದವರೆಗಿನದು, 31ರಿಂದ 60, 61ರಿಂದ 90, ಅದಕ್ಕೂ ಮೇಲಿನದು ಎಂದು ಕಾಲಮ್ ಮಾಡಿ ತೋರಿಸುವುದೇ ಏಜಿಂಗ್ ರಿಪೋರ್ಟ್.

ಹಾಗೆ ಬಿಡಿಸಿದಾಗ ಹರಿಹರದ ಸಾಲು ಹೀಗೆ ಕಾಣುತ್ತದೆ: ಜೂನ್ 1ರ 18,000ದ ಬಿಲ್ ಗಡುವು ದಾಟಿ 49 ದಿನ, ಜೂನ್ 20ರ 22,000ಕ್ಕೆ 30 ದಿನ, ಜುಲೈ 10ರ 15,000ಕ್ಕೆ 10 ದಿನ. ಆಗಸ್ಟ್ 1ರ 20,000ಕ್ಕೆ ಇನ್ನೂ ಗಡುವು ಬಂದಿಲ್ಲ. ಚನ್ನಗಿರಿಯ ಸಾಲಿನಲ್ಲಿ 68,800 ರೂಪಾಯಿ ಗಡುವಿನೊಳಗೇ ಇದೆ, ಆದರೆ 6,200ರ ಒಂದು ಬಿಲ್ ಮಾತ್ರ 75 ದಿನದಿಂದ ಕದಲದೆ ಕೂತಿದೆ.

ಹೆಚ್ಚು ಹಳೆಯದಾದ ಚನ್ನಗಿರಿಯ ಬಿಲ್ಲಿಗೇ ಮೊದಲು ಖಾರವಾಗಿ ಕೇಳಬೇಕು ಅನ್ನಿಸುತ್ತದೆ. ನನ್ನ ಪ್ರಕಾರ ಅದು ತಪ್ಪು. ಅದರ ನಂತರದ ಬಿಲ್‌ಗಳನ್ನೆಲ್ಲ ಆ ಅಂಗಡಿಯವರು ಹೊತ್ತಿಗೆ ಸರಿಯಾಗಿ ಕಟ್ಟುತ್ತಲೇ ಬಂದಿದ್ದಾರೆ, ಅಂದರೆ ಅವರ ಬಳಿ ದುಡ್ಡಿದೆ. ನಡುವೆ ಒಂದೇ ಬಿಲ್ ನಿಂತಿದ್ದರೆ ಅಲ್ಲೊಂದು ತಕರಾರು ಇರುತ್ತದೆ: ಒದ್ದೆಯಾದ ಸೋಪಿನ ಕಾರ್ಟನ್, ಸೇಲ್ಸ್‌ಮನ್ ಬಾಯಲ್ಲಿ ಹೇಳಿ ಬಿಲ್ಲಿನಲ್ಲಿ ಬಾರದ ಸ್ಕೀಮ್, ವಾಪಸ್ ಒಯ್ದ ಎಕ್ಸ್‌ಪೈರಿ ಮಾಲಿಗೆ ಇನ್ನೂ ಬಾರದ ಕ್ರೆಡಿಟ್ ನೋಟ್. ಇಂಥ ಬಿಲ್ಲನ್ನು ತಗಾದೆಯ ಸರದಿಯಿಂದ ತೆಗೆದು, ವಾರದೊಳಗೆ ಕ್ರೆಡಿಟ್ ನೋಟ್ ಕೊಟ್ಟು ಮುಗಿಸಬೇಕು. ಅಂಥವರಿಗೆ ಮೇಲಿಂದ ಮೇಲೆ ತಗಾದೆಯ ಮೆಸೇಜ್ ಹೋದರೆ ಒಳ್ಳೆಯ ಗಿರಾಕಿ ಕೈತಪ್ಪುತ್ತಾರೆ.

ಹರಿಹರದ್ದು ಬೇರೆಯೇ ಕಥೆ. ಅಲ್ಲಿ ಬಿಲ್‌ಗಳೆಲ್ಲ ಒಂದರ ಹಿಂದೊಂದು ಸರಿಯುತ್ತಿವೆ. ಇದು ಕೈಯಲ್ಲಿ ಕಾಸಿಲ್ಲದ ಲಕ್ಷಣ. ತಗಾದೆಯ ಮೆಟ್ಟಿಲು ಇರುವುದು ಇಂಥವರಿಗೆ.

ಮೊದಲ ಮೆಟ್ಟಿಲು ಗಡುವಿಗೆ ಮೂರು ದಿನ ಮುಂಚೆ ಹೋಗುವ ವಾಟ್ಸ್ಆ್ಯಪ್ ಸಂದೇಶ. ಬಿಲ್ ನಂಬರ್, ತಾರೀಖು, ಮೊತ್ತ, ಗಡುವು ಇಷ್ಟಿದ್ದರೆ ಸಾಕು. ಗಡುವು ಮೀರಿದ ಮೊದಲ ವಾರ ಲೈನಿಗೆ ಹೋದ ಸೇಲ್ಸ್‌ಮನ್ ಕೇಳುತ್ತಾರೆ. ಎರಡನೇ ವಾರದಿಂದ ಕೇಳುವವರು ಬದಲಾಗಬೇಕು. ಸೇಲ್ಸ್‌ಮನ್‌ಗೆ ತಿಂಗಳ ಟಾರ್ಗೆಟ್ ಇದೆ, ಆರ್ಡರ್ ಕೇಳುವ ಬಾಯಲ್ಲೇ ಬಾಕಿಯನ್ನು ಗಟ್ಟಿಯಾಗಿ ಕೇಳುವುದು ಅವರಿಂದಾಗದು. ಹಾಗಾಗಿ ಎಂಟನೇ ದಿನದಿಂದ ಆಫೀಸಿನ ಅಕೌಂಟ್ಸ್‌ನವರು ಫೋನ್ ಮಾಡುತ್ತಾರೆ: ‘ಅಣ್ಣಾ, ಯಾವತ್ತು, ಎಷ್ಟು ಕೊಡ್ತೀರ?’ ಉತ್ತರವಾಗಿ ಬಂದ ತಾರೀಖು, ಮೊತ್ತ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಮಾತು ತಪ್ಪಿದರೆ ಮಾರನೇ ಬೆಳಿಗ್ಗೆಯೇ ಮತ್ತೆ ಫೋನ್ ಹೋಗಬೇಕು. ಒಂದು ವಾರ ಸುಮ್ಮನಿದ್ದರೆ ಆ ತಾರೀಖಿಗೆ ಬೆಲೆಯೇ ಉಳಿಯುವುದಿಲ್ಲ.

21ನೇ ದಿನಕ್ಕೆ ಉದ್ದರಿ ಬಂದ್. ವಿತರಕರ ಕೈಯಲ್ಲಿರುವ ಅತಿ ದೊಡ್ಡ ಅಸ್ತ್ರ ಇದು. ಆದರೆ ಮಾಲನ್ನೇ ನಿಲ್ಲಿಸಿಬಿಟ್ಟರೆ ಅಂಗಡಿಯವರು ಹೋಲ್‌ಸೇಲ್‌ನಲ್ಲಿ ಕೊಂಡು ದಿನ ನೂಕುತ್ತಾರೆ, ಹಳೇ ಬಾಕಿ ಅಲ್ಲೇ ಉಳಿಯುತ್ತದೆ. ಹೊಸ ಮಾಲು ನಗದಿಗೆ ಕೊಟ್ಟು, ಜೊತೆಗೆ ಪ್ರತಿ ಲೈನಿನ ದಿನ ಹಳೆಯದಕ್ಕೆ ಇಷ್ಟು ಎಂದು ಗೊತ್ತು ಮಾಡಿಕೊಳ್ಳುವುದು ವಾಸಿ. ಹರಿಹರದ ಅಂಗಡಿಯದು ಗಡುವು ಮೀರಿದ್ದು ಒಟ್ಟು 55,000. ವಾರಕ್ಕೆ 5,000 ಬಂದರೆ ಹನ್ನೊಂದು ವಾರಕ್ಕೆ ತೀರುತ್ತದೆ. ಅದಕ್ಕೂ ಒಪ್ಪದಿದ್ದರೆ ಮಾಲೀಕರೇ ಅಂಗಡಿಗೆ ಹೋಗಿ ಕೂರಬೇಕು. ಅಲ್ಲೂ ದಾರಿ ಕಾಣದೆ 60 ದಿನ ದಾಟಿದರೆ ವಕೀಲರ ನೋಟಿಸ್. ಒಂದು ಎಚ್ಚರ: ತಗಾದೆ ಬಿಲ್ ಬಿಲ್ಲಿಗೂ ಪ್ರತ್ಯೇಕವಾಗಿ ಹೋಗಬಾರದು. ತಕರಾರಿಲ್ಲದ ಬಿಲ್‌ಗಳಲ್ಲಿ ಅತಿ ಹಳೆಯದು ಯಾವ ಮೆಟ್ಟಿಲಲ್ಲಿದೆಯೋ ಆ ಅಂಗಡಿಯೂ ಅದೇ ಮೆಟ್ಟಿಲಲ್ಲಿ.

ಇದೆಲ್ಲ ನಿಂತಿರುವುದು ರಿಪೋರ್ಟ್ ನಿಜ ಹೇಳುತ್ತದೆ ಎಂಬ ನಂಬಿಕೆಯ ಮೇಲೆ. ಅದು ಸುಳ್ಳು ಹೇಳುವುದು ಹೆಚ್ಚಾಗಿ ಎರಡು ಕಡೆ. ಒಂದು, ದಿನ ಎಣಿಸುವುದು ಬಿಲ್ ತಾರೀಖಿನಿಂದಲೋ ಗಡುವಿನಿಂದಲೋ ಎಂಬುದು. ಬಿಲ್ ತಾರೀಖಿನಿಂದ ಎಣಿಸಿದರೆ ಹರಿಹರದ ಅದೇ 18,000 ‘70 ದಿನ’ ಎಂದು 61ರಿಂದ 90ರ ಕಾಲಮ್ಮಿಗೆ ಹಾರುತ್ತದೆ, ಗಡುವು ದಾಟಿ ಹತ್ತೇ ದಿನವಾದ 15,000 ‘31 ದಿನ’ವಾಗುತ್ತದೆ. ತಗಾದೆಗೆ ಗಡುವಿನ ಲೆಕ್ಕವೇ ಬೇಕು.

ಎರಡನೆಯದು ಇನ್ನೂ ಕೆಟ್ಟದ್ದು. ಟ್ಯಾಲಿಯಲ್ಲಿ ಬಂದ ಹಣವನ್ನು ನಮೂದಿಸುವಾಗ `Agst Ref` ಆರಿಸಿ ಯಾವ ಬಿಲ್ಲಿಗೆಂದು ತೋರಿಸಬೇಕು. ಅವಸರದಲ್ಲಿ `On Account` ಎಂದು ಹಾಕಿದರೆ ಹಣ ಲೆಡ್ಜರಿಗೆ ಜಮೆಯಾಗುತ್ತದೆ, ಬಿಲ್ ಮಾತ್ರ ತೆರೆದೇ ಇರುತ್ತದೆ. ರಿಪೋರ್ಟಿನಲ್ಲಿ ಅದಕ್ಕೆ ದಿನ ಏರುತ್ತಲೇ ಹೋಗುತ್ತದೆ. ಹರಪನಹಳ್ಳಿಯ ಅಂಗಡಿಯವರಿಗೆ ತಗಾದೆಯ ಫೋನ್ ಹೋದಾಗ, ‘ದುಡ್ಡು ನಿಮ್ಮ ಹುಡುಗನ ಕೈಗೇ ಕೊಟ್ಟೀನಲ್ಲಮ್ಮಾ’ ಎಂಬ ಉತ್ತರ ಬರುತ್ತದೆ. ಮೊದಲು `On Account` ಮೊತ್ತಗಳನ್ನು ನೋಡಿ. ಅಲ್ಲೂ ಕಾಣದಿದ್ದರೆ ಸೇಲ್ಸ್‌ಮನ್ ವಸೂಲಿ ಹಣವನ್ನು ತಡೆದು ಕಟ್ಟುತ್ತಿದ್ದಾರೆಯೇ ಎಂದು ವಿಚಾರಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ಲೆಡ್ಜರ್ ಪ್ರತಿ ಅಂಗಡಿಯವರಿಗೆ ಆಫೀಸಿನಿಂದಲೇ ನೇರವಾಗಿ ಹೋದರೆ ಈ ಎರಡೂ ಬೇಗ ಹೊರಬೀಳುತ್ತವೆ. ಯಾವ ಬಿಲ್ಲಿಗೆಂದು ಕೊಟ್ಟವರು ಹೇಳಿದ್ದರೆ ಅದಕ್ಕೇ ಹಿಡಿಯಬೇಕು, ಹೇಳದಿದ್ದರೆ ಪಡೆದವರು ತಮಗೆ ಬೇಕಾದ ಬಿಲ್ಲಿಗೆ ಹಿಡಿಯಬಹುದು. 1872ರ ಒಪ್ಪಂದ ಕಾಯ್ದೆಯ 59 ಮತ್ತು 60ನೇ ಸೆಕ್ಷನ್‌ಗಳು ಹೇಳುವುದು ಇದನ್ನೇ.

ಮೇಲಿನ ಮೆಟ್ಟಿಲುಗಳಲ್ಲಿ ಕಾನೂನಿಗೂ ತನ್ನದೇ ದಿನಗಳ ಲೆಕ್ಕವಿದೆ. ಅಂಗಡಿಯವರು ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ, ಬ್ಯಾಂಕಿನಿಂದ ಆ ವಿಷಯ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ 15 ದಿನದಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ‘ಮುಂದಿನ ವಾರ ಕೊಡ್ತೀನಿ’ ಎಂಬ ಮಾತು ನಂಬಿ ಮೊದಲ 30 ದಿನ ಕಳೆದುಕೊಂಡವರಿಗೆ ಈ ದಾರಿ ಕಷ್ಟವಾಗುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂಬ ನಿಯಮವನ್ನೂ ವಿತರಕರು ನೆಚ್ಚಿಕೊಳ್ಳುವಂತಿಲ್ಲ. 2021ರಲ್ಲಿ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ತೆರೆದದ್ದು ಆದ್ಯತಾ ವಲಯದ ಸಾಲದ ಅನುಕೂಲಕ್ಕೆ ಮಾತ್ರ.

ಬಾಕಿ ವಸೂಲಿಗೆ ದಾವೆ ಹೂಡಲು ಇರುವುದು ಮೂರು ವರ್ಷ. ಆ ಅವಧಿ ಮುಗಿಯುವ ಮೊದಲು ‘ಇಷ್ಟು ಬಾಕಿ ಇದೆ’ ಎಂದು ಅಂಗಡಿಯವರು ಬರೆದು ಸಹಿ ಹಾಕಿಕೊಟ್ಟರೆ, ಸಹಿಯಾದ ದಿನದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಪ್ರತಿ ಮಾರ್ಚ್ 31ರ ಬಾಕಿಗೆ ಎಲ್ಲ ಅಂಗಡಿಗಳಿಂದ, ಮುಖ್ಯವಾಗಿ ಸಂಬಂಧ ಇನ್ನೂ ಚೆನ್ನಾಗಿರುವ ಅಂಗಡಿಗಳಿಂದ, ತಾರೀಖು ಹಾಕಿಸಿ ಸಹಿ ಪಡೆದಿಟ್ಟುಕೊಳ್ಳಿ.