ಬೀಜಕದ ಅಂಕಿಗಳಲ್ಲಿ ಅಲ್ಪವಿರಾಮ

ಜರ್ಮನಿಯ ಬೀಜಕದಲ್ಲಿ 1.250,00 ಎಂದರೆ ಸಾವಿರದ ಇನ್ನೂರೈವತ್ತು ಯೂರೋ. ಅಲ್ಲಿ ಬಿಂದುವು ಸಾವಿರವನ್ನು ಬೇರ್ಪಡಿಸುತ್ತದೆ, ಅಲ್ಪವಿರಾಮವು ದಶಾಂಶವನ್ನು ಸೂಚಿಸುತ್ತದೆ. ಭಾರತೀಯ ರೂಢಿಗೆ ಒಗ್ಗಿದ ಗಣಕಯಂತ್ರವು ಅದರ ಸ್ಕ್ಯಾನ್ ಪ್ರತಿಯನ್ನು ಓದುತ್ತ ಅಲ್ಪವಿರಾಮಗಳನ್ನು ಅಳಿಸಿದರೆ ಆ ಮೊತ್ತ 1.25 ಆಗುತ್ತದೆ, ಶೇಕಡಾ 19ರ ತೆರಿಗೆಯಾದ 237,50 ಮಾತ್ರ 23750ಕ್ಕೆ ಉಬ್ಬುತ್ತದೆ. ಒಟ್ಟು ಮೊತ್ತ 1.487,50 ಸಹ 1.4875ಕ್ಕೆ ಕುಗ್ಗುವುದರಿಂದ ಕೂಡಿಕೆ ತಾಳೆಯಾಗದೆ ತಪ್ಪು ಬಯಲಾಗುತ್ತದೆ.

1,25,000ದಲ್ಲಿ ಈ ಸಂದೇಹವಿಲ್ಲ. ಎರಡು ಬಾರಿ ಬಂದ ಅಲ್ಪವಿರಾಮ ದಶಾಂಶವಾಗಲಾರದು. ಮೂರಂಕಿಯ ಗುಂಪನ್ನೇ ಬಯಸುವ ತಂತ್ರಾಂಶ ಇದನ್ನು ತಳ್ಳಿಹಾಕಿದರೆ ಅದು ಲಕ್ಷದ ಲೆಕ್ಕವನ್ನರಿಯದ ತಂತ್ರಾಂಶದ ದೋಷ.

ನಿಜವಾದ ತೊಡಕು 1,250 ಕಿಲೋ ಎಂಬ ಒಂಟಿ ಅಂಕಿಯಲ್ಲಿದೆ. ದರ 8,00, ಮೊತ್ತ 10,00 ಎಂದಿದ್ದರೆ ಅದು ಒಂದೂಕಾಲು ಕಿಲೋ. ಮೊತ್ತ ಹತ್ತು ಸಾವಿರವೆಂದಿದ್ದರೆ ಸಾವಿರದ ಇನ್ನೂರೈವತ್ತು. ದರವೇ ಅಳಿಸಿಹೋಗಿದ್ದರೆ ಯಂತ್ರವು ಊಹಿಸಬಾರದು. ಮೂಲಪ್ರತಿಯನ್ನು ಗುಮಾಸ್ತರೇ ನೋಡಬೇಕು.